1900ರ ಫೆಬ್ರವರಿ 29: ಎಕ್ಸೆಲ್ ಒಪ್ಪಿದರೂ ಆ ದಿನ ಬಂದಿರಲೇ ಇಲ್ಲ

ಪ್ರಶ್ನೆ: ನಮ್ಮೂರ ದೇವಸ್ಥಾನದ ಹಳೇ ಲೆಕ್ಕದ ಪುಸ್ತಕವನ್ನು ಎಕ್ಸೆಲ್‌ಗೆ ಏರಿಸುತ್ತಿದ್ದೇನೆ. ಒಂದು ಪುಟದಲ್ಲಿ "29-2-1900 ಗುರುವಾರ" ಅಂತ ಇದೆ. ಎಕ್ಸೆಲ್ ಸುಮ್ನೆ ಒಪ್ಪಿಕೊಂಡಿತು. ಗೂಗಲ್ ಶೀಟ್ಸ್‌ನಲ್ಲಿ ಹಾಕಿದರೆ ಅದನ್ನು ತಾರೀಖು ಅಂತಲೇ ಗುರುತಿಸುವುದಿಲ್ಲ. 1900 ಲೀಪ್ ವರ್ಷವೇ ಅಲ್ಲ ಅಂತಾನೆ ಮಗ. ನಾಲ್ಕರಿಂದ ಭಾಗ ಹೋಗುತ್ತಲ್ಲ? 2000ದಲ್ಲಿ ಫೆಬ್ರವರಿ 29 ಇತ್ತಲ್ಲ? ಯಾರ ಮಾತು ಸರಿ? ಪುಸ್ತಕದ ಆ ಸಾಲನ್ನು ಏನಂತ ಬರೆದುಕೊಳ್ಳಲಿ?

ಉತ್ತರ:

ನಿಮ್ಮ ಮಗನ ಮಾತು ಸರಿ. 1900 ಲೀಪ್ ವರ್ಷ ಅಲ್ಲ. ಆ ವರ್ಷ ಫೆಬ್ರವರಿ 28 ಬುಧವಾರ, ಮರುದಿನ ಗುರುವಾರ ಮಾರ್ಚ್ 1. ಎಕ್ಸೆಲ್ ಒಪ್ಪಿಕೊಂಡದ್ದು ಅದರೊಳಗಿರುವ ಒಂದು ಹಳೇ ತಪ್ಪಿನಿಂದ. ಆದರೆ ನಿಮ್ಮ ಪುಸ್ತಕದ ಸಾಲನ್ನು ಸುಳ್ಳು ಅಂತ ಹೊಡೆದುಹಾಕಬೇಡಿ. ಪಕ್ಕದಲ್ಲಿ "ಗುರುವಾರ" ಅಂತ ಇದೆಯಲ್ಲ, ಅದರಿಂದ ನಿಜವಾದ ದಿನ ಯಾವುದು ಅಂತ ಕಂಡುಹಿಡಿಯಬಹುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಯಮ. ಸೊನ್ನೆ ಸೊನ್ನೆಯಲ್ಲಿ ಮುಗಿಯದ ವರ್ಷವಾದರೆ ಕೊನೆಯ ಎರಡು ಅಂಕೆ ಮಾತ್ರ ನೋಡಿ. ಅದು ನಾಲ್ಕರಿಂದ ಶೇಷವಿಲ್ಲದೆ ಭಾಗ ಹೋದರೆ ಫೆಬ್ರವರಿ 29 ಇರುತ್ತದೆ, ಇಲ್ಲದಿದ್ದರೆ ಇಲ್ಲ. 1956ರಲ್ಲಿ 56 ಹೋಗುತ್ತದೆ, ಹಾಗಾಗಿ ಇತ್ತು. 1974ರಲ್ಲಿ 74 ಹೋಗುವುದಿಲ್ಲ, ಇರಲಿಲ್ಲ. ಸೊನ್ನೆ ಸೊನ್ನೆಯಲ್ಲಿ ಮುಗಿಯುವ ಶತಮಾನದ ವರ್ಷವಾದರೆ ಆ ಎರಡು ಸೊನ್ನೆಗಳನ್ನು ಬೆರಳಲ್ಲಿ ಮುಚ್ಚಿ, ಉಳಿದದ್ದನ್ನು ನಾಲ್ಕರಿಂದ ಭಾಗಿಸಿ. 1900ರಲ್ಲಿ ಉಳಿಯುವುದು 19. ಅದು ಹೋಗುವುದಿಲ್ಲ, ಹಾಗಾಗಿ ಲೀಪ್ ಅಲ್ಲ. 2000ದಲ್ಲಿ ಉಳಿಯುವುದು 20. ಅದು ಹೋಗುತ್ತದೆ, ಹಾಗಾಗಿ ಲೀಪ್. 2100ರಲ್ಲಿ 21 ಉಳಿಯುತ್ತದೆ. ಅದೂ ಲೀಪ್ ಅಲ್ಲ.

ಶಾಲೆಯಲ್ಲಿ ಇದನ್ನೇ "ನಾಲ್ಕರಿಂದ ಭಾಗ ಹೋಗಬೇಕು, ನೂರರಿಂದ ಹೋಗಬಾರದು, ಆದರೆ ನಾನೂರರಿಂದ ಹೋದರೆ ಪರವಾಗಿಲ್ಲ" ಅಂತ ಹೇಳಿಕೊಡುತ್ತಾರೆ. ಎರಡೂ ಒಂದೇ. ಆ ಮೂರು ಮೆಟ್ಟಿಲಲ್ಲಿ ಯಾವುದೋ ಒಂದನ್ನು ಮರೆತುಬಿಡುವುದು ಜಾಸ್ತಿ ಅನ್ನೋ ಕಾರಣಕ್ಕೆ ನನಗೆ ಸೊನ್ನೆ ಮುಚ್ಚುವ ದಾರಿಯೇ ಇಷ್ಟ.

ನೀವು ಗೊಂದಲಕ್ಕೆ ಬಿದ್ದದ್ದು ಸಹಜ. ಈಗ ಬದುಕಿರುವ ನಮಗೆಲ್ಲ ಸಿಕ್ಕ ಒಂದೇ ಒಂದು ಶತಮಾನದ ವರ್ಷ ಅಂದರೆ 2000. ಅದು ನಾನೂರಕ್ಕೊಮ್ಮೆ ಬರುವ ವಿನಾಯಿತಿಯ ವರ್ಷ. ಹಾಗಾಗಿ "ನಾಲ್ಕರಿಂದ ಹೋದರೆ ಲೀಪ್" ಅನ್ನೋ ಅರ್ಧ ನಿಯಮ 1901ರಿಂದ 2099ರವರೆಗೆ ಒಂದು ಸಲವೂ ಕೈಕೊಡುವುದಿಲ್ಲ. ಸುಮಾರು ಇನ್ನೂರು ವರ್ಷ ತಪ್ಪದೆ ಕೆಲಸ ಮಾಡುವ ನಿಯಮವನ್ನು ಯಾರು ಅನುಮಾನಿಸುತ್ತಾರೆ? ಅದು ಒಡೆದುಹೋಗುವುದು ಹಳೇ ದಾಖಲೆ ಕೈಗೆ ಬಂದಾಗ, ಇಲ್ಲವೇ 2100 ದಾಟುವ ಲೆಕ್ಕ ಹಾಕುವಾಗ. ನೂರರ ನಿಯಮ ಗೊತ್ತಿದ್ದು ನಾನೂರರದ್ದು ಗೊತ್ತಿಲ್ಲದವರ ಕಥೆ ಇದರ ಉಲ್ಟಾ. ಅವರ ಲೆಕ್ಕದಲ್ಲಿ 2000 ಲೀಪ್ ವರ್ಷ ಆಗುವುದಿಲ್ಲ. ಏನೂ ಗೊತ್ತಿಲ್ಲದವನಿಗೆ ಸರಿ ಉತ್ತರ, ಅರ್ಧ ಗೊತ್ತಿದ್ದವನಿಗೆ ತಪ್ಪು ಉತ್ತರ ಸಿಕ್ಕ ವರ್ಷ ಅದು.

ಈ ನೂರು, ನಾನೂರರ ಗೋಜಲು ಯಾಕೆ ಬಂತು? ಋತುಗಳು ಒಂದು ಸುತ್ತು ಮುಗಿಸಲು 365 ದಿನ, 5 ಗಂಟೆ, 48 ನಿಮಿಷ, 46 ಸೆಕೆಂಡು ಬೇಕು. ಜೂಲಿಯಸ್ ಸೀಸರ್ ಕಾಲದ ಕ್ಯಾಲೆಂಡರ್ ಇದನ್ನು 365 ದಿನ 6 ಗಂಟೆ ಅಂತ ಹಿಡಿಯಿತು. ವರ್ಷಕ್ಕೆ 6 ಗಂಟೆ ಅಂದರೆ ನಾಲ್ಕು ವರ್ಷಕ್ಕೆ ಒಂದು ದಿನ. ಲೆಕ್ಕ ಸುಲಭ. ಆದರೆ ವರ್ಷಕ್ಕೆ ಸುಮಾರು 11 ನಿಮಿಷ 14 ಸೆಕೆಂಡು ಜಾಸ್ತಿ ಕೊಟ್ಟಂತಾಯಿತು. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಇದು ಗೊತ್ತೇ ಆಗುವುದಿಲ್ಲ. ನಾನೂರು ವರ್ಷ ಸೇರಿದರೆ ಸುಮಾರು 75 ಗಂಟೆ, ಅಂದರೆ ಮೂರು ದಿನಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲೇ ಉತ್ತರ ಇದೆ. ನಾನೂರು ವರ್ಷಕ್ಕೆ ಮೂರು ದಿನ ಜಾಸ್ತಿ ಆಗುತ್ತಿದ್ದರೆ, ನಾನೂರು ವರ್ಷದಲ್ಲಿ ಮೂರು ಲೀಪ್ ದಿನ ತೆಗೆದುಬಿಡಬೇಕು. ಯಾವ ಮೂರು? ಎಲ್ಲರಿಗೂ ನೆನಪಿರುವಂಥದ್ದು ಬೇಕು. ಅದಕ್ಕೇ ಶತಮಾನದ ವರ್ಷಗಳನ್ನು ಆರಿಸಿಕೊಂಡರು. ನಾನೂರು ವರ್ಷದಲ್ಲಿ ಅಂಥವು ನಾಲ್ಕು ಬರುತ್ತವೆ. ಮೂರರಲ್ಲಿ ತೆಗೆದು ಒಂದರಲ್ಲಿ ಉಳಿಸಿದರು. 1600ರಲ್ಲಿ ಉಳಿಸಿದರು, 1700, 1800, 1900ರಲ್ಲಿ ತೆಗೆದರು, 2000ದಲ್ಲಿ ಮತ್ತೆ ಉಳಿಸಿದರು. ಹೀಗೆ ನಾನೂರು ವರ್ಷಕ್ಕೆ ನೂರರ ಬದಲು 97 ಲೀಪ್ ವರ್ಷ ಉಳಿಯುತ್ತವೆ. 1900ಕ್ಕೆ ಆಕಾಶದಲ್ಲಿ ವಿಶೇಷವೇನೂ ಇರಲಿಲ್ಲ. ಎಲ್ಲೋ ಒಂದು ಕಡೆ ದಿನ ಕಡಿಮೆ ಮಾಡಬೇಕಿತ್ತು, ಅಂಕೆ ನೋಡಿದ ಕೂಡಲೇ ಗೊತ್ತಾಗುವ ವರ್ಷ ಅದು, ಅಷ್ಟೇ.

ಇದನ್ನು ಜಾರಿಗೆ ತಂದದ್ದು 13ನೇ ಗ್ರೆಗರಿ ಪೋಪ್, 1582ರಲ್ಲಿ. ಅಷ್ಟು ಹೊತ್ತಿಗೆ ಕ್ಯಾಲೆಂಡರು ಋತುಗಳಿಗಿಂತ ಹತ್ತು ದಿನ ಹಿಂದೆ ಬಿದ್ದಿತ್ತು. ಈಸ್ಟರ್ ಲೆಕ್ಕಕ್ಕೆ ಮಾರ್ಚ್ 21 ಅಂತ ಹಿಡಿದಿದ್ದ, ಹಗಲು ರಾತ್ರಿ ಸಮ ಇರುವ ವಿಷುವ ಮಾರ್ಚ್ 11ರ ಸುಮಾರಿಗೆ ಬಂದುಬಿಡುತ್ತಿತ್ತು. ಹಾಗಾಗಿ ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಅಂತ ಕರೆದು ಹತ್ತು ದಿನ ಹಾರಿಸಿದರು. ಮುಂದೆ ಮತ್ತೆ ಹಾಗೆ ಆಗದಿರಲಿ ಅಂತ ನಾನೂರರ ನಿಯಮ ತಂದರು. ಇಟಲಿಯ ಬಹುಪಾಲು, ಸ್ಪೇನ್, ಪೋರ್ಚುಗಲ್, ಪೋಲೆಂಡ್ ಆಗಲೇ ಒಪ್ಪಿದವು. ಇಂಗ್ಲೆಂಡ್ ಮಾತ್ರ ಪೋಪ್ ಹೇಳಿದ್ದನ್ನು ಯಾಕೆ ಕೇಳಬೇಕು ಅಂತ 170 ವರ್ಷ ಕೂತಿತು.

ನಿಮ್ಮ ದೇವಸ್ಥಾನದ ಪುಸ್ತಕಕ್ಕೆ ಸಂಬಂಧ ಇರುವುದು ಇಂಗ್ಲೆಂಡಿನದ್ದೇ. ನಮ್ಮಲ್ಲಿ "ಇಂಗ್ಲಿಷ್ ತಾರೀಖು" ಬಂದದ್ದು ಅವರಿಂದ. ಬ್ರಿಟನ್ 1750ರ ಕ್ಯಾಲೆಂಡರ್ ಕಾಯ್ದೆಯಿಂದ ಹೊಸ ಲೆಕ್ಕಕ್ಕೆ ಬಂತು. 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತು. ಆ ಕಾಯ್ದೆ ಯುರೋಪ್, ಏಷ್ಯಾ, ಆಫ್ರಿಕಾ, ಅಮೆರಿಕದಲ್ಲಿದ್ದ ಅವರ ಎಲ್ಲ ಪ್ರದೇಶಗಳಿಗೂ ಅನ್ವಯಿಸುತ್ತಿತ್ತು. 1800, 1900, 2100, 2200, 2300 ಲೀಪ್ ವರ್ಷಗಳಲ್ಲ, ನಾನೂರಕ್ಕೊಮ್ಮೆ ಮಾತ್ರ ಶತಮಾನದ ವರ್ಷ ಲೀಪ್, ಅದರಲ್ಲಿ ಮೊದಲನೆಯದು 2000 ಅಂತ ಅದರಲ್ಲಿ ವರ್ಷದ ಅಂಕೆ ಸಮೇತ ಬರೆದಿದೆ. ಅಂದರೆ 1900ಕ್ಕೆ ಫೆಬ್ರವರಿ 29 ಇಲ್ಲ ಅನ್ನೋದು ಯಾರೋ ಹಿಂದಿನಿಂದ ಲೆಕ್ಕ ಹಾಕಿ ಹೇಳಿದ್ದಲ್ಲ. ಸುಮಾರು ಒಂದೂವರೆ ಶತಮಾನ ಮೊದಲೇ ಕಾನೂನಾಗಿತ್ತು.

ಹಾಗಂತ ಭೂಮಿ ಮೇಲೆ ಎಲ್ಲೂ ಆ ತಾರೀಖು ಬಂದಿರಲಿಲ್ಲ ಅಂತಲೂ ಹೇಳುವಂತಿಲ್ಲ. ರಷ್ಯಾ 1918ರವರೆಗೆ, ಗ್ರೀಸ್ 1923ರವರೆಗೆ ಸೀಸರನ ಹಳೇ ಲೆಕ್ಕದಲ್ಲೇ ಇದ್ದವು. ಆ ಲೆಕ್ಕದಲ್ಲಿ ನೂರರ ವಿನಾಯಿತಿ ಇಲ್ಲ, 1900 ಸಾದಾ ಲೀಪ್ ವರ್ಷ. ಸಾಹಿತ್ಯಕ್ಕೆ 1963ರ ನೊಬೆಲ್ ಪಡೆದ ಗ್ರೀಕ್ ಕವಿ ಯೋರ್ಗೊಸ್ ಸೆಫೆರಿಸ್ ಹುಟ್ಟಿದ್ದು ಹಳೇ ಲೆಕ್ಕದ 1900ರ ಫೆಬ್ರವರಿ 29ರಂದು. ನಮ್ಮ ಲೆಕ್ಕದಲ್ಲಿ ಅದು ಮಾರ್ಚ್ 13. ಅಲ್ಲಿಯವರೆಗೆ ಎರಡು ಲೆಕ್ಕಗಳ ನಡುವೆ 12 ದಿನದ ಅಂತರ ಇತ್ತು, ಆ ಒಂದು ದಿನದಿಂದ ಅದು 13 ಆಯಿತು. ಆದರೆ ಮೈಸೂರು ಸೀಮೆಯ ದೇವಸ್ಥಾನದ ಪುಸ್ತಕಕ್ಕೆ ರಷ್ಯಾದ ಲೆಕ್ಕ ಅಂಟುವುದಿಲ್ಲ, ಬಿಡಿ. ಅದೂ ಅಲ್ಲದೆ ಹಳೇ ಲೆಕ್ಕದ ಆ ಫೆಬ್ರವರಿ 29 ಮಂಗಳವಾರ. ನಿಮ್ಮದು ಗುರುವಾರ.

ವಿಚಿತ್ರ ಅಂದರೆ ಸ್ವೀಡನ್ನಿನದ್ದು. ಹನ್ನೊಂದು ದಿನ ಒಟ್ಟಿಗೆ ಹಾರಿಸುವ ಬದಲು 1700ರಿಂದ ಲೀಪ್ ದಿನಗಳನ್ನೇ ಒಂದೊಂದಾಗಿ ಬಿಡುತ್ತಾ 1740ಕ್ಕೆ ಸರಿಹೋಗೋಣ ಅಂತ ಹೊರಟರು. 1700ರಲ್ಲಿ ಬಿಟ್ಟರು, 1704 ಮತ್ತು 1708ರಲ್ಲಿ ಬಿಡಲಿಲ್ಲ. ಎತ್ತಲಾಗೂ ಸೇರದೆ ಕೊನೆಗೆ ಹಳೇ ಲೆಕ್ಕಕ್ಕೇ ವಾಪಸ್ ಬರಲು 1712ರಲ್ಲಿ ಒಂದು ದಿನ ಜಾಸ್ತಿ ಸೇರಿಸಿದರು. ಹಾಗಾಗಿ ಸ್ವೀಡನ್ನಿನಲ್ಲಿ ಆ ವರ್ಷ ಫೆಬ್ರವರಿ 30 ಅಂತ ಒಂದು ದಿನವೇ ಇತ್ತು. ತಾರೀಖನ್ನು ಪರೀಕ್ಷಿಸುವ ಯಾವ ತಂತ್ರಾಂಶವೂ ಇದನ್ನು ಒಪ್ಪಲಿಕ್ಕಿಲ್ಲ.

ಈಗ ಎಕ್ಸೆಲ್ ವಿಷಯ. ಎಕ್ಸೆಲ್ ಒಳಗೆ ತಾರೀಖು ಅಂತ ಏನೂ ಇರುವುದಿಲ್ಲ. 1900ರ ಜನವರಿ 1ನ್ನು 1 ಅಂತ ಹಿಡಿದು, ಅಲ್ಲಿಂದ ದಿನ ಎಣಿಸಿದ ಒಂದು ಸಂಖ್ಯೆ ಇರುತ್ತದೆ. ಜನವರಿಯ 31, ಫೆಬ್ರವರಿಯ 28 ಸೇರಿ ಫೆಬ್ರವರಿ 28ಕ್ಕೆ 59. ಮಾರ್ಚ್ 1ಕ್ಕೆ 60 ಬರಬೇಕು. ಎಕ್ಸೆಲ್ ಅಲ್ಲಿ ಇಲ್ಲದ ಫೆಬ್ರವರಿ 29ನ್ನು ತುರುಕಿ ಅದಕ್ಕೆ 60, ಮಾರ್ಚ್ 1ಕ್ಕೆ 61 ಕೊಡುತ್ತದೆ. ನಂಬಿಕೆ ಬರದಿದ್ದರೆ ಒಂದು ಖಾಲಿ ಸೆಲ್‌ನಲ್ಲಿ 60 ಅಂತ ಹಾಕಿ, ಅದನ್ನು ತಾರೀಖಿನ ರೂಪಕ್ಕೆ ಬದಲಾಯಿಸಿ. 1900ರ ಫೆಬ್ರವರಿ 29 ಅಂತ ಬರುತ್ತದೆ.

ಮೈಕ್ರೋಸಾಫ್ಟ್‌ನವರಿಗೆ ಇದು ಗೊತ್ತಿಲ್ಲದೆ ಏನಲ್ಲ. ಎಕ್ಸೆಲ್‌ಗೂ ಮೊದಲು ಕಚೇರಿಗಳಲ್ಲಿ ಲೋಟಸ್ 1-2-3 ಅನ್ನೋ ಅಂಥದ್ದೇ ತಂತ್ರಾಂಶ ಓಡುತ್ತಿತ್ತು. ಅದರಲ್ಲಿ 1900 ಲೀಪ್ ವರ್ಷ ಅಂತಲೇ ಇತ್ತು. ಲೋಟಸ್‌ನ ಕಡತಗಳು ಎಕ್ಸೆಲ್‌ನಲ್ಲಿ ಹಾಗೇ ತೆರೆಯಬೇಕು, ದಿನದ ಸಂಖ್ಯೆ ಹೊಂದಬೇಕು ಅಂತ ಆ ತಪ್ಪನ್ನೂ ಜೊತೆಗೆ ಇಟ್ಟುಕೊಂಡರು. ಈಗ ತಿದ್ದಿದರೆ ಪ್ರಪಂಚದಲ್ಲಿರುವ ಹೆಚ್ಚುಕಡಿಮೆ ಎಲ್ಲ ಹಾಳೆಗಳ ತಾರೀಖೂ ಒಂದು ದಿನ ಅಲುಗಾಡುತ್ತದೆ. ಅದಕ್ಕೇ ಯಾರೂ ಕೈಹಾಕುವುದಿಲ್ಲ. ಮ್ಯಾಕಿಂತೋಷ್‌ಗೆ ಮಾಡಿದ ಎಕ್ಸೆಲ್‌ನಲ್ಲಿ ಎಣಿಕೆಯನ್ನೇ 1904ರ ಜನವರಿ 1ರಿಂದ ಶುರು ಮಾಡಿ 1900ರ ತಂಟೆಯಿಂದ ಪಾರಾಗಿದ್ದರು.

ಗೂಗಲ್ ಶೀಟ್ಸ್ ಮತ್ತು ಲಿಬ್ರೆ ಆಫೀಸ್ ಬೇರೆ ದಾರಿ ಹಿಡಿದಿವೆ. ಅವುಗಳಲ್ಲಿ 1899ರ ಡಿಸೆಂಬರ್ 30ಕ್ಕೆ ಸೊನ್ನೆ. ಒಂದು ದಿನ ಹಿಂದಿನಿಂದ ಶುರು ಮಾಡಿರುವುದರಿಂದ ಇಲ್ಲದ ದಿನವನ್ನು ಸೇರಿಸದೆಯೂ ಮಾರ್ಚ್ 1ಕ್ಕೆ 61 ಬರುತ್ತದೆ. ಹಾಗಾಗಿ 1900ರ ಮಾರ್ಚ್ 1ರಿಂದ ಈಚೆಗೆ ಎಲ್ಲವೂ ಒಂದೇ ಲೆಕ್ಕ. ಆ ವರ್ಷದ ಜನವರಿ, ಫೆಬ್ರವರಿಯಲ್ಲಿ ಮಾತ್ರ ಸಂಖ್ಯೆ ಒಂದು ದಿನ ಹೆಚ್ಚುಕಡಿಮೆ.

ನೀವು ಹುಷಾರಾಗಿರಬೇಕಾದದ್ದು ಇಲ್ಲೇ. ಎಕ್ಸೆಲ್ ಇಲ್ಲದ ಒಂದು ದಿನವನ್ನು ತೋರಿಸುತ್ತದೆ ಅನ್ನೋದಷ್ಟೇ ಅಲ್ಲ, ಆ ಎರಡು ತಿಂಗಳ ಎಲ್ಲ ವಾರಗಳನ್ನೂ ತಪ್ಪಾಗಿ ಹೇಳುತ್ತದೆ. 1900ರ ಜನವರಿ 1 ಸೋಮವಾರ. ಎಕ್ಸೆಲ್ ಕೇಳಿದರೆ ಭಾನುವಾರ ಅನ್ನುತ್ತದೆ. ಫೆಬ್ರವರಿ 28 ಬುಧವಾರ, ಎಕ್ಸೆಲ್‌ಗೆ ಮಂಗಳವಾರ. ನಿಮ್ಮ ಪುಸ್ತಕದಲ್ಲಿರುವ ವಾರವನ್ನು ಎಕ್ಸೆಲ್ ಕೊಡುವ ವಾರದ ಜೊತೆ ಹೋಲಿಸಿ "ಬರೆದವರು ತಪ್ಪು ಬರೆದಿದ್ದಾರೆ" ಅಂತ ತೀರ್ಮಾನಿಸಿದರೆ, ಸರಿಯಾಗಿ ಬರೆದ ಸಾಲುಗಳೂ ತಪ್ಪಿನ ಪಟ್ಟಿಗೆ ಸೇರಿಬಿಡುತ್ತವೆ.

ಆ ವರ್ಷದ ವಾರ ನೋಡಲು ಸುಲಭದ ಉಪಾಯ ಇದೆ. ಮನೆಯಲ್ಲಿ 2018ರ ಹಳೇ ಕ್ಯಾಲೆಂಡರ್ ಇದ್ದರೆ ತೆಗೆಯಿರಿ. 1900 ಮತ್ತು 2018, ಎರಡೂ ಸೋಮವಾರ ಶುರುವಾದ, 365 ದಿನದ ವರ್ಷಗಳು. ಜನವರಿಯಿಂದ ಡಿಸೆಂಬರ್‌ವರೆಗೆ ತಾರೀಖು, ವಾರ ಎಲ್ಲವೂ ಹೊಂದುತ್ತವೆ. ಹಬ್ಬಗಳನ್ನು ಮಾತ್ರ ನೋಡಬೇಡಿ.

ಈಗ ನಿಮ್ಮ ಸಾಲಿಗೆ ಬರೋಣ. "29-2-1900 ಗುರುವಾರ." ಹಳೇ ದಾಖಲೆಯಲ್ಲಿ ತಾರೀಖು ಮತ್ತು ವಾರ ಜಗಳವಾಡಿದರೆ ನಾನು ಸಾಮಾನ್ಯವಾಗಿ ವಾರದ ಕಡೆ ನಿಲ್ಲುತ್ತೇನೆ. ತಾರೀಖನ್ನು ಮನಸ್ಸಲ್ಲೇ ಎಣಿಸಿ ಬರೆಯಬಹುದು, ಅಂಕೆ ತಪ್ಪಬಹುದು. ವಾರ ಹಾಗಲ್ಲ. ಸಂತೆ, ಪೂಜೆ, ಉಪವಾಸ ಎಲ್ಲ ವಾರದ ಮೇಲೇ ನಡೆಯುವ ಊರಿನಲ್ಲಿ ಇವತ್ತು ಯಾವ ವಾರ ಅನ್ನೋದನ್ನು ತಪ್ಪಿಸಿಕೊಳ್ಳುವುದು ಕಷ್ಟ. ಇನ್ನೊಂದು, ಕ್ಯಾಲೆಂಡರ್ ಬದಲಾದಾಗಲೂ ವಾರದ ಸರಪಳಿ ತುಂಡಾಗಿರಲಿಲ್ಲ. 1752ರ ಸೆಪ್ಟೆಂಬರ್ 2 ಬುಧವಾರ, ಅದರ ಮರುದಿನ ಬಂದ 14 ಗುರುವಾರವೇ.

1900ರಲ್ಲಿ ಫೆಬ್ರವರಿ 28 ಬುಧವಾರ. ಅದರ ಮರುದಿನದ ಗುರುವಾರ ಅಂದರೆ ಮಾರ್ಚ್ 1. ಲೆಕ್ಕ ಬರೆದವರು ನಾಲ್ಕು ವರ್ಷದ ಹಿಂದೆ, 1896ರಲ್ಲಿ, ಫೆಬ್ರವರಿ 29 ಬರೆದಿರುತ್ತಾರೆ. ಈಗ ಮತ್ತೆ ನಾಲ್ಕು ವರ್ಷ ಆಯಿತು ಅಂತ 28ರ ಮುಂದೆ 29 ಹಾಕಿರುವ ಸಾಧ್ಯತೆಯೇ ಜಾಸ್ತಿ. ತಪ್ಪು ಅವರದ್ದೊಬ್ಬರದೇ ಅಲ್ಲ. ಅದಕ್ಕೂ ಹಿಂದೆ ಹೀಗೆ ಲೀಪ್ ದಿನ ತಪ್ಪಿದ್ದು 1800ರಲ್ಲಿ. ನೂರು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ?

ಇನ್ನೊಂದು ಅನುಮಾನವನ್ನೂ ತೆಗೆದುಹಾಕಬೇಕು. ವರ್ಷವನ್ನೇ ನೀವು ತಪ್ಪಾಗಿ ಓದಿರಬಹುದಾ? ಮಾಸಿದ ಮಸಿಯಲ್ಲಿ 4, 6, 8 ಸೊನ್ನೆಯಂತೆ ಕಾಣಬಹುದು. 1906 ಲೀಪ್ ಅಲ್ಲ, ಅದನ್ನು ಬಿಡಿ. 1904 ಮತ್ತು 1908 ಲೀಪ್ ವರ್ಷಗಳೇ. ಆದರೆ 1904ರ ಫೆಬ್ರವರಿ 29 ಸೋಮವಾರ, 1908ರದ್ದು ಶನಿವಾರ. ಗುರುವಾರಕ್ಕೆ ಎರಡೂ ಹೊಂದುವುದಿಲ್ಲ. ಆ ಕಾಲದ ಆಸುಪಾಸು ಫೆಬ್ರವರಿ 29 ಗುರುವಾರ ಬಂದದ್ದು 1872ರಲ್ಲಿ, ಆಮೇಲೆ 1912ರಲ್ಲಿ. ಇವೆರಡನ್ನೂ 1900 ಅಂತ ಓದುವುದು ಕಷ್ಟ.

ಪುಟದ ತಲೆಯಲ್ಲಿ ಸಂವತ್ಸರದ ಹೆಸರು ಇದೆಯಾ ನೋಡಿ. ದೇವಸ್ಥಾನದ ಪುಸ್ತಕ ಆದ್ದರಿಂದ ಇರಬಹುದು. ವಿಕಾರಿ ಅಂತ ಇದ್ದರೆ 1900ರ ಫೆಬ್ರವರಿಯೇ. ಶೋಭಕೃತು ಇದ್ದರೆ 1904, ಪ್ಲವಂಗ ಇದ್ದರೆ 1908. ತಿಥಿಯನ್ನೂ ಬರೆದಿದ್ದರೆ ಇನ್ನೂ ಒಳ್ಳೆಯದು. 1900ರ ಮಾರ್ಚ್ 1ರ ಹೊತ್ತಿಗೆ ಮಾಘ ಬಹುಳದ ಕೊನೆ, ಅಮಾವಾಸ್ಯೆಯ ಆಸುಪಾಸು. ಆ ಸಾಲಿನ ಹತ್ತಿರ ಅಮಾವಾಸ್ಯೆ ಪೂಜೆಯ ಖರ್ಚೋ, ಅದಕ್ಕೆ ಒಂದೆರಡು ದಿನ ಮೊದಲು ಶಿವರಾತ್ರಿಯ ಖರ್ಚೋ ಕಂಡರೆ ಮಾರ್ಚ್ 1 ಅನ್ನೋದು ಗಟ್ಟಿಯಾಯಿತು.

ಅಷ್ಟಕ್ಕೇ ನಿಲ್ಲಿಸಬೇಡಿ, ಮುಂದಿನ ಸಾಲುಗಳನ್ನೂ ಓದಿ. ಇದು ಮುಖ್ಯ. ಮುಂದಿನ ಸಾಲು "1-3-1900 ಶುಕ್ರವಾರ" ಅಂತ ಇದ್ದರೆ ತಪ್ಪು ಒಂದೇ ದಿನದ್ದಲ್ಲ, ಅಲ್ಲಿಂದ ಮುಂದೆ ಎಲ್ಲ ತಾರೀಖೂ ಒಂದು ದಿನ ಹಿಂದೆ ಇದೆ ಅಂತ ಅರ್ಥ. ಎಲ್ಲೋ ಒಂದು ಕಡೆ ಅವರಿಗೆ ಗೊತ್ತಾಗಿ ಸರಿಮಾಡಿಕೊಂಡಿರುತ್ತಾರೆ. ಅಲ್ಲಿ ಒಂದು ತಾರೀಖು ಹಾರಿಹೋಗಿರುತ್ತದೆ. ಉದಾಹರಣೆಗೆ "4-3 ಸೋಮವಾರ" ಆದಮೇಲೆ "6-3 ಮಂಗಳವಾರ" ಅಂತ ಬಂದರೆ ಸರಿಮಾಡಿದ್ದು ಅಲ್ಲೇ. ಯಾಕೆಂದರೆ ಆ ವರ್ಷ ಮಾರ್ಚ್ 6 ನಿಜವಾಗಿಯೂ ಮಂಗಳವಾರ, ಸೋಮವಾರ ಇದ್ದದ್ದು ಮಾರ್ಚ್ 5. ಹಾಗಾದರೆ ಫೆಬ್ರವರಿ 29ರಿಂದ ಆ ಸೋಮವಾರದವರೆಗಿನ ಸಾಲುಗಳಿಗೆಲ್ಲ ಒಂದು ದಿನ ಸೇರಿಸಬೇಕು. ಹಾಗಲ್ಲದೆ, ಮುಂದಿನ ಸಾಲು "2-3-1900 ಶುಕ್ರವಾರ" ಅಂತಲೇ ಇದ್ದರೆ ಒಂದೇ ದಿನದ ತಪ್ಪು, ಕೂಡಲೇ ತಿದ್ದಿಕೊಂಡಿದ್ದಾರೆ.

ಎಕ್ಸೆಲ್‌ಗೆ ಏರಿಸುವಾಗ ಹೀಗೆ ಮಾಡಿ. ಪುಸ್ತಕದಲ್ಲಿ ಇರುವುದನ್ನು ಇದ್ದ ಹಾಗೆ, "29-2-1900 ಗುರುವಾರ" ಅಂತ ಪಠ್ಯವಾಗಿಯೇ ಒಂದು ಅಂಕಣದಲ್ಲಿ ಹಾಕಿ. ಮೊದಲು ಆ ಅಂಕಣದ ರೂಪವನ್ನು ಪಠ್ಯ ಅಂತ ಬದಲಾಯಿಸಿಕೊಂಡು ಆಮೇಲೆ ಟೈಪ್ ಮಾಡಿ, ಇಲ್ಲವಾದರೆ ವಾರ ಬರೆಯದ ಸಾಲುಗಳನ್ನು ಅದು ತಾನಾಗಿಯೇ ತಾರೀಖು ಮಾಡಿಕೊಳ್ಳುತ್ತದೆ. ಪಕ್ಕದಲ್ಲಿ ವರ್ಷ, ತಿಂಗಳು, ದಿನಕ್ಕೆ ಮೂರು ಬೇರೆ ಅಂಕಣ ಇಟ್ಟು 1900, 3, 1 ಅಂತ ಹಾಕಿ. ಇನ್ನೊಂದು ಅಂಕಣದಲ್ಲಿ "ವಾರದ ಆಧಾರದ ಮೇಲೆ ಮಾರ್ಚ್ 1" ಅಂತ ಕಾರಣ ಬರೆಯಿರಿ. ಮೂಲವನ್ನು ಯಾವತ್ತೂ ತಿದ್ದಬೇಡಿ. ನಾಳೆ ಬೇರೆಯವರು ನೋಡಿ ಬೇರೆ ತೀರ್ಮಾನಕ್ಕೆ ಬರಬಹುದು.

ಮೂರು ಅಂಕಣ ಇಡಿ ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ. ನಿಮ್ಮ ಪುಸ್ತಕ 1900ಕ್ಕಿಂತ ಹಿಂದಿನಿಂದ ಶುರುವಾಗಿದ್ದರೆ ಎಕ್ಸೆಲ್ ಆ ತಾರೀಖುಗಳನ್ನು ತಾರೀಖು ಅಂತ ಹಿಡಿಯುವುದೇ ಇಲ್ಲ. 1897ರ ಸಾಲುಗಳು ಪಠ್ಯ, 1901ರವು ಸಂಖ್ಯೆ ಆಗಿ ಉಳಿಯುತ್ತವೆ. ವಿಂಗಡಿಸಲು ಹೋದರೆ ಹಿಂದುಮುಂದು ಆಗಿಬಿಡುತ್ತದೆ. ವರ್ಷ, ತಿಂಗಳು, ದಿನ ಬೇರೆ ಬೇರೆ ಇದ್ದರೆ ಆ ತೊಂದರೆ ಇಲ್ಲ.

ವರ್ಷದ ಅಂಕಣ A ಆಗಿದ್ದರೆ, ಲೀಪ್ ಹೌದೋ ಅಲ್ಲವೋ ಅಂತ ತಿಳಿಯಲು ಈ ಸೂತ್ರ ಹಾಕಿ:

```
=OR(MOD(A2,400)=0, AND(MOD(A2,4)=0, MOD(A2,100)<>0))
```

1900ಕ್ಕೆ ಇದು FALSE ಕೊಡುತ್ತದೆ, 1896ಕ್ಕೂ 2000ಕ್ಕೂ TRUE. ಅಂತರ್ಜಾಲದಲ್ಲಿ ಇದಕ್ಕಿಂತ ಚಿಕ್ಕದಾದ ಇನ್ನೊಂದು ಸೂತ್ರ ಓಡಾಡುತ್ತದೆ. ಫೆಬ್ರವರಿ 29ನ್ನು ಹಾಕಿ ನೋಡು, ತಿಂಗಳು ಇನ್ನೂ ಫೆಬ್ರವರಿಯೇ ಆಗಿದ್ದರೆ ಲೀಪ್, ಮಾರ್ಚ್‌ಗೆ ಜಾರಿದರೆ ಅಲ್ಲ ಅನ್ನೋ ಉಪಾಯ ಅದು:

```
=MONTH(DATE(A2,2,29))=2
```

ಉಪಾಯ ಚೆನ್ನಾಗಿದೆ, ಈಗಿನ ವರ್ಷಗಳಿಗೆ ಸರಿಯಾಗಿಯೂ ಬರುತ್ತದೆ. ನಿಮ್ಮ ಕೆಲಸಕ್ಕೆ ಮಾತ್ರ ಬೇಡ. ಎಕ್ಸೆಲ್‌ನಲ್ಲಿ 1900 ಹಾಕಿದರೆ TRUE ಬರುತ್ತದೆ, ಕಾರಣ ನಿಮಗೀಗ ಗೊತ್ತು. ಅದಕ್ಕಿಂತ ಹಿಂದಿನ ವರ್ಷ ಹಾಕಿದರೆ ಇನ್ನೊಂದು ತಮಾಷೆ. 1899 ಅಥವಾ ಅದಕ್ಕಿಂತ ಚಿಕ್ಕ ಸಂಖ್ಯೆ ಕೊಟ್ಟರೆ ಎಕ್ಸೆಲ್ ಅದಕ್ಕೆ 1900 ಕೂಡಿಸಿಕೊಳ್ಳುತ್ತದೆ. 1600 ಕೊಟ್ಟರೆ ಅದು 3500ನೇ ಇಸವಿಯನ್ನು ಪರೀಕ್ಷಿಸುತ್ತದೆ. 3500 ಲೀಪ್ ಅಲ್ಲ, FALSE ಅನ್ನುತ್ತದೆ. 1600 ಲೀಪ್ ವರ್ಷ. ದೋಷದ ಸಂದೇಶವೂ ಬರುವುದಿಲ್ಲ, ಆದ್ದರಿಂದ ಅನುಮಾನವೇ ಬರುವುದಿಲ್ಲ.

1752ಕ್ಕಿಂತ ಹಿಂದಿನ ಇಂಗ್ಲಿಷರ ಕಾಗದಪತ್ರ ಏನಾದರೂ ಕೈಗೆ ಬಂದರೆ ಮೇಲಿನ ಸರಿಯಾದ ಸೂತ್ರವೂ ಸಾಲದು. ಅವರಿಗೆ 1700 ಲೀಪ್ ವರ್ಷ, ಅದೇ ವರ್ಷ ಪೋರ್ಚುಗೀಸರಿಗೆ ಅಲ್ಲ. ಅಂಥ ಕಡೆ ವರ್ಷದ ಅಂಕೆ ಒಂದನ್ನೇ ನೋಡಿ ಹೇಳಲು ಬರುವುದಿಲ್ಲ, ಬರೆದವರು ಯಾರು ಅಂತಲೂ ನೋಡಬೇಕು.

ಪುಸ್ತಕದಲ್ಲಿ ಶಕ ವರ್ಷವೂ ಇರಬಹುದು, ಅದನ್ನು ನೋಡಿ ಲೀಪ್ ಹುಡುಕಲು ಹೋಗಬೇಡಿ. ನಮ್ಮ ಚಾಂದ್ರಮಾನ ಪಂಚಾಂಗ ಸರಿಹೊಂದಿಸಿಕೊಳ್ಳುವುದು ಅಧಿಕ ಮಾಸದಿಂದ, ಒಂದು ದಿನ ಸೇರಿಸಿ ಅಲ್ಲ. ಸರ್ಕಾರ 1957ರ ಮಾರ್ಚ್ 22ರಿಂದ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದ್ದು ಬೇರೆ. ಮೇಘನಾದ ಸಹಾ ಅಧ್ಯಕ್ಷತೆಯ ಸಮಿತಿ ರೂಪಿಸಿದ ಅದರಲ್ಲಿ ಶಕ ವರ್ಷಕ್ಕೆ 78 ಕೂಡಿಸಿ, ಬಂದ ಸಂಖ್ಯೆಗೆ ಇದೇ ನೂರು, ನಾನೂರರ ನಿಯಮ ಹಚ್ಚಬೇಕು. ಶಕ 1946ಕ್ಕೆ 78 ಕೂಡಿಸಿದರೆ 2024. ಆ ವರ್ಷ ಚೈತ್ರಕ್ಕೆ 30ರ ಬದಲು 31 ದಿನ, ಶುರುವಾದದ್ದೂ ಮಾರ್ಚ್ 22ರ ಬದಲು 21ಕ್ಕೆ. ನಿಮ್ಮ 1900ರ ಪುಸ್ತಕಕ್ಕೆ ಇದು ಅನ್ವಯಿಸುವುದಿಲ್ಲ.

1900ರಲ್ಲಿ ಒಂದು ದಿನ ಬಿಟ್ಟುಹೋದ ಬಿಸಿ ತಟ್ಟಿದ್ದು ಆ ದಿನ ಹುಟ್ಟಿದವರಿಗೆ. ನಮ್ಮ ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29. ನಾಲ್ಕು ವರ್ಷಕ್ಕೆ ಬರಬೇಕಿದ್ದ ಮೊದಲ ಹುಟ್ಟುಹಬ್ಬ ಬರಲೇ ಇಲ್ಲ. ಅವರಿಗೆ ಎಂಟು ವರ್ಷ ತುಂಬಿದಾಗ, 1904ರಲ್ಲಿ ಬಂತು. ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದ್ದೂ ಆ 1904ರ ಫೆಬ್ರವರಿ 29ರಂದೇ.

ಮುಂದಿನ ಸರದಿ 2100. 2096ರ ಫೆಬ್ರವರಿ 29ಕ್ಕೆ ಹುಟ್ಟುವ ಮಕ್ಕಳೂ 2104ರವರೆಗೆ ಕಾಯಬೇಕು. ಎಕ್ಸೆಲ್‌ಗೆ 2100ರ ಫೆಬ್ರವರಿ 29 ಕೊಟ್ಟು ನೋಡಿ, ಅದು ಒಪ್ಪುವುದಿಲ್ಲ. ಅದರ ತಪ್ಪು 1900 ಒಂದಕ್ಕೇ ಸೀಮಿತ. ಆದರೆ ಬರೀ ನಾಲ್ಕರಿಂದ ಭಾಗಿಸಿ ನೋಡುವ ಸೂತ್ರವನ್ನು ನೀವೋ ಮಗನೋ ಎಲ್ಲಾದರೂ ಬರೆದಿಟ್ಟಿದ್ದರೆ, ಅದು 1900ಕ್ಕೂ 2100ಕ್ಕೂ ಹೌದು ಅಂದುಬಿಡುತ್ತದೆ. ಯಾವ ಸೂತ್ರ ಸಿಕ್ಕರೂ ನಾಲ್ಕು ವರ್ಷ ಹಾಕಿ ನೋಡಿ: 1900, 2000, 2023, 2024. ಉತ್ತರ ಅಲ್ಲ, ಹೌದು, ಅಲ್ಲ, ಹೌದು ಅಂತ ಬಂದರೆ ಬಳಸಿ. ಇಲ್ಲದಿದ್ದರೆ ಮೇಲೆ ಮೊದಲು ಕೊಟ್ಟ ಸೂತ್ರವನ್ನೇ ಹಾಕಿಕೊಳ್ಳಿ.